ನಮ್ಮ ಹೆಸರಿನ ಕಾಫಿಪುಡಿ ಮಾಡಿಸಿದ್ದು

ಶಿವಮೊಗ್ಗದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ಸಾರಿನ ಪುಡಿಯೆಲ್ಲ ನಮ್ಮ ಹೆಸರಿನಲ್ಲೇ ಹೋಗುತ್ತವೆ. ಕಾಫಿಪುಡಿ ಮಾತ್ರ ಬೇರೆಯವರ ಪ್ಯಾಕೆಟ್. ತಿಂಗಳಿಗೆ ಹೆಚ್ಚುಕಡಿಮೆ ನೂರು ಕಿಲೋ, ಅಂದರೆ 200 ಗ್ರಾಮಿನ ಐನೂರು ಪ್ಯಾಕೆಟ್ ಮಾರುತ್ತಿದ್ದೆವು. ಹುರಿಯುವ ಯಂತ್ರ ಹಾಕುವಷ್ಟು ಜಾಗವೂ ಇಲ್ಲ, ಧೈರ್ಯವೂ ಇಲ್ಲ. ಹಾಗಾಗಿ ಚಿಕ್ಕಮಗಳೂರಿನ ಒಂದು ರೋಸ್ಟರಿಯವರಿಂದ ಪ್ರೈವೇಟ್ ಲೇಬಲ್ ಮಾಡಿಸುವುದು ಎಂದುಕೊಂಡು ಫೋನ್ ಮಾಡಿದೆ. ಪುಡಿ ಅವರದು, ಹೆಸರು ನಮ್ಮದು.

ಆ ಕಡೆಯಿಂದ ಮ್ಯಾನೇಜರ್ ಮೂರೇ ಪ್ರಶ್ನೆ ಕೇಳಿದರು. "ಬ್ಲೆಂಡ್ ಯಾವುದು ಮೇಡಂ? ತಿಂಗಳಿಗೆ ಎಷ್ಟು ಎತ್ತುತ್ತೀರಿ? ಪ್ಯಾಕಿಂಗ್ ಮೆಟೀರಿಯಲ್ ನಿಮ್ಮದೋ ನಮ್ಮದೋ?" ಮೊದಲೆರಡಕ್ಕೆ ಉತ್ತರ ನನ್ನ ಬಳಿ ಸಿದ್ಧವಿತ್ತು. ಇಡೀ ವ್ಯವಹಾರದಲ್ಲಿ ದುಡ್ಡು, ದಿನ ಎರಡನ್ನೂ ಹಿಡಿದಿಟ್ಟುಕೊಂಡಿದ್ದು ಮೂರನೆಯದು ಎಂಬುದು ಮುಂದೆ ಹೋದಂತೆ ತಿಳಿಯಿತು.

ಕಾಫಿಯಲ್ಲಿ ಎರಡು ಬಗೆಯ ಒಪ್ಪಂದ ನಡೆಯುತ್ತದೆ. ಬೀಜ ನಾವೇ ಕೊಂಡು ಕೊಟ್ಟು, ಹುರಿದು ಪುಡಿ ಮಾಡಿ ತುಂಬಿದ್ದಕ್ಕೆ ಕಿಲೋಗಿಷ್ಟು ಎಂದು ಜಾಬ್ ವರ್ಕ್ ಕೂಲಿ ಕೊಡುವುದು ಒಂದು. ಬೀಜ, ಚಿಕೋರಿ, ಕೆಲಸ ಎಲ್ಲವೂ ಅವರದೇ ಆಗಿ, ಪುಡಿಗೆ ಒಂದು ದರ ಕಟ್ಟುವುದು ಇನ್ನೊಂದು. ಮಲೆನಾಡಿನಲ್ಲಿ ನೆಂಟರ ತೋಟವಿರುವವರು ಮೊದಲನೆಯದನ್ನು ಆರಿಸುತ್ತಾರೆ. ನಾನು ಎರಡನೆಯದಕ್ಕೆ ಹೋದೆ. ಬೀಜದ ತೇವ, ಕಪ್ಪುಕಾಳು, ಹುರಿದಾಗ ಕಳೆಯುವ ತೂಕ ಇವೆಲ್ಲದರ ಜಗಳ ಆಗ ಅವರ ತಲೆಗೆ. ಆದರೆ ಅದಕ್ಕೂ ಬೆಲೆಯುಂಟು. ಕಾಫಿಯ ದರ ನಿಲ್ಲುವುದಿಲ್ಲವಾದ್ದರಿಂದ ಅವರು ಕೊಟ್ಟ ಕೊಟೇಶನ್ ಏಳು ದಿನಕ್ಕೆ ಮಾತ್ರ ಊರ್ಜಿತ. ಆಮೇಲೆ ಆರ್ಡರ್ ಕೊಟ್ಟರೆ ಅಂದಿನ ಬೀಜದ ದರ. ವರ್ಷವಿಡೀ ಒಂದೇ ದರ ಕೊಡುತ್ತೇವೆ ಎಂದ ಇನ್ನೊಬ್ಬರೂ ಸಿಕ್ಕಿದ್ದರು. ನನಗೆ ಅವರ ಮೇಲೆ ನಂಬಿಕೆ ಬರಲಿಲ್ಲ. ದರ ಕದಲದಿದ್ದರೆ ಬ್ಲೆಂಡು ಕದಲುತ್ತದೆ, ದುಬಾರಿ ಅರೇಬಿಕಾದ ಜಾಗಕ್ಕೆ ಸದ್ದಿಲ್ಲದೆ ಅಗ್ಗದ ರೋಬಸ್ಟಾ ಬರುತ್ತದೆ.

ಸ್ಯಾಂಪಲ್ ವಿಷಯ ಬೇಗ ಮುಗಿಯಿತು. ಅರೇಬಿಕಾದ ಪ್ಲಾಂಟೇಷನ್ ಎ ಮತ್ತು ರೋಬಸ್ಟಾ ಚೆರಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಕೆಲವು ಪುಡಿಗಳನ್ನು, ಪೊಟ್ಟಣದ ಮೇಲೆ ಗುರುತಿನ ಅಕ್ಷರವಷ್ಟೇ ಬರೆದು ಕಳುಹಿಸಿದರು. ಒಂದೇ ಫಿಲ್ಟರಿನಲ್ಲಿ, ಅಷ್ಟೇ ಪುಡಿ, ಅಷ್ಟೇ ನೀರು ಹಾಕಿ ಡಿಕಾಕ್ಷನ್ ಇಳಿಸಿ, ದಿನಾ ಬರುವ ಗಿರಾಕಿಗಳಿಗೇ ಕುಡಿಸಿದೆವು. ಒಪ್ಪಿಗೆಯಾದ ಪುಡಿಯನ್ನು ಎರಡು ಪೊಟ್ಟಣ ಮಾಡಿ, ಸೀಲ್ ಹಾಕಿ, ಇಬ್ಬರೂ ಮೇಲೆ ಸಹಿ ಮಾಡಿ ಒಂದೊಂದು ಇಟ್ಟುಕೊಂಡೆವು. ರುಚಿ ಆ ಪೊಟ್ಟಣದಲ್ಲಿ ಎಷ್ಟು ದಿನ ಉಳಿದೀತು! ಆದರೆ ಹುರಿದ ಬಣ್ಣ, ಪುಡಿಯ ತರಿ ಎಷ್ಟಿತ್ತು ಎಂದು ಮುಂದೆ ಮಾತು ಬಂದಾಗ ತೋರಿಸಲು ಅದಿರುತ್ತದೆ.

ಇನ್ನು ಕನಿಷ್ಠ ಪ್ರಮಾಣ, ಅವರ ಬಾಯಲ್ಲಿ ಎಂಒಕ್ಯೂ. ನಾನು ಕೇಳಿದ್ದು ಕಾಫಿ, ಚಿಕೋರಿ 80:20 ಮತ್ತು 60:40ರ ಪ್ರಮಾಣದಲ್ಲಿ ಬೆರೆತ ಎರಡು ಬ್ಲೆಂಡು. ಅವರು ಹೇಳಿದ್ದು ಬ್ಲೆಂಡಿಗೆ ಒಂದು ಬ್ಯಾಚ್. ಬ್ಯಾಚ್ ಎಂದರೆ ಎಷ್ಟು ಎಂದು ಕೇಳಿದಾಗ ಕರೆದುಕೊಂಡು ಹೋಗಿ ಡ್ರಮ್ ತೋರಿಸಿದರು. ಒಂದು ಸಲಕ್ಕೆ 60 ಕಿಲೋ ಹಸಿ ಬೀಜ ಹಿಡಿಯುತ್ತದೆ. ಹುರಿದಾಗ ತೇವವೆಲ್ಲ ಹೋಗಿ ಆರರಲ್ಲಿ ಒಂದು ಪಾಲಿನಷ್ಟು ತೂಕ ಇಳಿಯುತ್ತದೆ, ಕೈಗೆ ಸಿಗುವುದು 50 ಕಿಲೋ. ಅದಕ್ಕೆ ನೂರರಲ್ಲಿ ಇಪ್ಪತ್ತು ಚಿಕೋರಿ ಆಗುವಂತೆ ಬೆರೆಸಿದರೆ 62 ಕಿಲೋ ಚಿಲ್ಲರೆ ಪುಡಿ. ನೂರರಲ್ಲಿ ನಲವತ್ತು ಚಿಕೋರಿಯಾದರೆ ಅದೇ 50 ಕಿಲೋ ಕಾಫಿ 83 ಕಿಲೋ ಪುಡಿಯಾಗುತ್ತದೆ. ಅಂದರೆ ಅಗ್ಗದ ಬ್ಲೆಂಡಿಗೇ ಕನಿಷ್ಠ ಪ್ರಮಾಣ ಹೆಚ್ಚು! ಎರಡೂ ಸೇರಿ ನೂರ ನಲವತ್ತೈದು ಕಿಲೋ. ಮೊದಲ ಸಲಕ್ಕೆ ನನಗೆ ಅದು ಭಾರವೇ.

ಅಲ್ಲೇ ನಿಂತು ನೋಡುತ್ತಿದ್ದಾಗ ಚಿಕೋರಿ ಡ್ರಮ್ಮಿಗೆ ಬೀಳುವುದೇ ಇಲ್ಲ ಎಂಬುದು ಗಮನಕ್ಕೆ ಬಂತು. ಅದು ಮೊದಲೇ ಹುರಿದು ಬಂದಿರುತ್ತದೆ, ಬೆರೆಸುವುದು ಕಾಫಿ ಪುಡಿಯಾದ ಮೇಲೆ. "ಹಾಗಾದರೆ ಒಂದೇ ಹುರಿತ ಹಾಕಿ, ಆಮೇಲೆ ಅರ್ಧರ್ಧ ಮಾಡಿ ಎರಡು ಪ್ರಮಾಣದಲ್ಲಿ ಚಿಕೋರಿ ಬೆರೆಸಬಹುದಲ್ಲ ಸರ್?" ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಎರಡಕ್ಕೂ ಕಾಫಿ ಒಂದೇ ಆಗಿರಬೇಕು ನೋಡಿ, ಒಂದಕ್ಕೆ ಪೀಬೆರಿ ಹಾಕಿ ಅನ್ನಬಾರದು. ಮಿಕ್ಸರ್ ತೊಳೆಯುವಾಗ ಹೋಗುವ ಪುಡಿ ನಿಮ್ಮ ಲೆಕ್ಕಕ್ಕೆ" ಎಂದು ಒಪ್ಪಿದರು. 25 ಕಿಲೋ ಕಾಫಿ 31 ಕಿಲೋ ಪುಡಿಯಾಯಿತು, ಉಳಿದ 25 ಕಿಲೋ 41 ಆಯಿತು. ಒಟ್ಟು 72 ಕಿಲೋ ಸುಮಾರು, ಎರಡು ಬಗೆಯ ಮುನ್ನೂರೈವತ್ತು ಪ್ಯಾಕೆಟ್. ಎಂಒಕ್ಯೂ ಇಳಿಸಿ ಎಂದು ಗೋಗರೆದಿದ್ದರೆ ಅವರು ಇಳಿಸುತ್ತಿರಲಿಲ್ಲ. ಅದು ಯಾವ ಯಂತ್ರದ ಹೊಟ್ಟೆಯಿಂದ ಬರುತ್ತಿದೆ ಎಂದು ನೋಡಿದ್ದರಿಂದ ದಾರಿ ಸಿಕ್ಕಿತು.

ಕಾಫಿಯ ಕನಿಷ್ಠ ಪ್ರಮಾಣ ಹೀಗೆ ಮುಗಿಯಿತು ಅನ್ನುವಷ್ಟರಲ್ಲಿ ಪ್ಯಾಕಿಂಗಿನದು ಎದುರು ನಿಂತಿತು. ಅಂಗಡಿಯಲ್ಲಿ ನೋಡುವ ಮಿರಿಮಿರಿ ಕಾಫಿ ಪ್ಯಾಕೆಟ್ ಇದೆಯಲ್ಲ, ಅದು ಮೂರು ಪದರದ ಫಿಲ್ಮು. ಹೊರಗೆ ಪಾಲಿಯೆಸ್ಟರ್, ನಡುವೆ ಗಾಳಿ ಬೆಳಕು ತಡೆಯುವ ಮೆಟಲೈಸ್ಡ್ ಪದರ, ಒಳಗೆ ಬಿಸಿಗೆ ಅಂಟುವ ಪಾಲಿಥೀನ್. ಮುದ್ರಣ ಹೊರಪದರದ ಒಳಮೈಯಲ್ಲಿ ಆಗುವುದರಿಂದ ಉಜ್ಜಿದರೂ ಶಾಯಿ ಹೋಗುವುದಿಲ್ಲ. ಇದನ್ನು ಮಾಡುವುದು ರೋಟೋಗ್ರೇವರ್ ಯಂತ್ರದಲ್ಲಿ, ಒಂದೊಂದು ಬಣ್ಣಕ್ಕೂ ಒಂದೊಂದು ಕೆತ್ತಿದ ಸಿಲಿಂಡರ್ ಬೇಕು. ಬಣ್ಣ ಹೊಂದಿಸಿಕೊಳ್ಳುವಷ್ಟರಲ್ಲೇ ನೂರಾರು ಮೀಟರ್ ಫಿಲ್ಮು ವ್ಯರ್ಥವಾಗುವುದರಿಂದ ಚಿಲ್ಲರೆ ಕೆಲಸ ಯಾರೂ ಹಿಡಿಯುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ವಿಚಾರಿಸಿದಾಗ ನನಗೆ ಹೇಳಿದ್ದು 300 ಕಿಲೋ.

ಮುನ್ನೂರು ಕಿಲೋ ಫಿಲ್ಮು ಎಂದರೆ ಎಷ್ಟು ಪ್ಯಾಕೆಟ್ ಎಂದು ಫೋನಿನಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ನಾನೇ ಲೆಕ್ಕ ಹಾಕಿದೆ. ನಮ್ಮ 200 ಗ್ರಾಮಿನ ಪ್ಯಾಕೆಟ್ಟಿಗೆ 300 ಮಿಲಿಮೀಟರ್ ಅಗಲ, 240 ಮಿಲಿಮೀಟರ್ ಉದ್ದದ ತುಂಡು ಬೇಕು, ಅಂದರೆ 0.072 ಚದರ ಮೀಟರ್. ಆ ಫಿಲ್ಮು ಚದರ ಮೀಟರಿಗೆ 110 ಗ್ರಾಂ ತೂಗುತ್ತದೆ. ಗುಣಿಸಿದರೆ ಒಂದು ಪ್ಯಾಕೆಟ್ಟಿನ ತೂಕ ಎಂಟು ಗ್ರಾಮಿಗೆ ಒಂದು ಕೂದಲು ಕಡಿಮೆ. ಮುನ್ನೂರು ಕಿಲೋಗೆ ಸುಮಾರು 38,000 ಪ್ಯಾಕೆಟ್. ನಾವು ತಿಂಗಳಿಗೆ ಮಾರುವುದು 500. ಆರು ವರ್ಷ ದಾಟಿದರೂ ಸುರುಳಿ ಮುಗಿಯುವುದಿಲ್ಲ! ಅಷ್ಟರಲ್ಲಿ ಲೈಸೆನ್ಸ್ ಸಂಖ್ಯೆಯೋ, ಲೇಬಲ್ ನಿಯಮವೋ, ರೋಸ್ಟರಿಯೋ ಒಂದಲ್ಲ ಒಂದು ಬದಲಾಗಿ ಉಳಿದ ಫಿಲ್ಮು ಗುಜರಿಗೆ. ಅದರ ಮೇಲೆ ಆರು ಬಣ್ಣದ ಸಿಲಿಂಡರಿನ ಖರ್ಚು ಬೇರೆ. ಸಾಲದ್ದಕ್ಕೆ ಈ ಉದ್ಯಮದಲ್ಲಿ ಹೇಳಿದ ತೂಕಕ್ಕಿಂತ ಶೇಕಡಾ ಹತ್ತರಷ್ಟು ಆಚೀಚೆ ಕೊಡುವುದು ರೂಢಿ. ಬಂದಷ್ಟಕ್ಕೂ ದುಡ್ಡು ಕಟ್ಟಬೇಕು.

ಸಿದ್ಧ ಸಿಗುವ ಖಾಲಿ ಪೌಚಿಗೆ ಲೇಬಲ್ ಅಂಟಿಸುವುದು ಒಂದು ದಾರಿ. ಡಿಜಿಟಲ್ ಮುದ್ರಣದ ಪೌಚು ಇನ್ನೊಂದು. ಅದಕ್ಕೆ ಸಿಲಿಂಡರ್ ಬೇಡ, ಒಂದು ಸಾವಿರಕ್ಕೂ ಮಾಡಿಕೊಡುತ್ತಾರೆ, ಆದರೆ ಒಂದೊಂದಕ್ಕೆ ಇಪ್ಪತ್ತು ರೂಪಾಯಿಯ ಮೇಲೆ ಹೇಳಿದರು. ಖಾಲಿ ಪೌಚು, ಲೇಬಲ್ ಸೇರಿ ಹನ್ನೆರಡರ ಆಸುಪಾಸು. ಗ್ರೇವರ್ ಸುರುಳಿಯಾದರೆ ಫಿಲ್ಮಿನ ಖರ್ಚು ಪ್ಯಾಕೆಟ್ಟಿಗೆ ಮೂರು ರೂಪಾಯಿಯೊಳಗೆ. ಒಂಬತ್ತು ರೂಪಾಯಿ ಹೆಚ್ಚು ಎಂದು ನಮ್ಮ ಮನೆಯವರು ಮುಖ ಸಿಂಡರಿಸಿದರು. ಐನೂರು ಪ್ಯಾಕೆಟ್ಟಿಗೆ ತಿಂಗಳಿಗೆ ನಾಲ್ಕೂವರೆ ಸಾವಿರ ಹೆಚ್ಚು ಹೋಗುತ್ತದೆ, ನಿಜ. ಆದರೆ ಫಿಲ್ಮಿಗೂ ಸಿಲಿಂಡರಿಗೂ ಒಂದೇ ಸಲ ಲಕ್ಷದ ಮೇಲೆ ಹೂಡಿ ಗೋದಾಮಿನಲ್ಲಿ ಸುರುಳಿ ಕಾಯುವುದಕ್ಕಿಂತ ಇದೇ ಸರಿ ಎಂದು ನಾನು ಹಟ ಹಿಡಿದೆ.

ಖಾಲಿ ಪೌಚಿನಲ್ಲಿಯೂ ನೋಡಬೇಕಾದದ್ದು ಒಂದಿದೆ, ವಾಲ್ವ್. ಹುರಿದ ಕಾಫಿ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಪುಡಿ ಮಾಡಿದಾಗ ಬಹುಪಾಲು ಹೊರಟು ಹೋದರೂ ಉಳಿದದ್ದೇ ಪೌಚನ್ನು ದಿಂಬಿನಂತೆ ಉಬ್ಬಿಸಲು ಸಾಕು. ವಾಲ್ವ್ ಒಳಗಿನ ಅನಿಲವನ್ನು ಹೊರಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಬಿಡುವುದಿಲ್ಲ. ಮಾರುಕಟ್ಟೆಯಲ್ಲಿ ಬೀಜಕ್ಕೆಂದು ಮಾಡಿದ ವಾಲ್ವ್ ಪೌಚುಗಳೂ ಇವೆ, ಅವುಗಳಲ್ಲಿ ನಯವಾದ ಪುಡಿ ಸಿಕ್ಕಿಕೊಂಡು ವಾಲ್ವ್ ಮುಚ್ಚಿಹೋಗುತ್ತದೆ. ಪುಡಿಗೆ ಬೇಕಾದ್ದು ಒಳಮೈಯಲ್ಲಿ ಫಿಲ್ಟರ್ ಹಾಳೆ ಇರುವ ವಾಲ್ವ್. ಒಂದು ಪೌಚನ್ನು ಕತ್ತರಿಸಿ ಒಳಗೆ ನೋಡಿದರೆ ಗೊತ್ತಾಗುತ್ತದೆ.

ವಿನ್ಯಾಸಕ್ಕೆ ನಾವು ಹಿಡಿದದ್ದು ಊರಿನಲ್ಲೇ ಮದುವೆ ಕಾಗದ ಮಾಡುವ ಹುಡುಗನನ್ನು. ಕೈ ಚೆನ್ನಾಗಿದೆ, ಆದರೆ ಕಾಗದ ಬೇರೆ, ಪೌಚು ಬೇರೆ. ಪೌಚಿನವರಿಂದ ಅದರ ಅಳತೆಯ ನಕ್ಷೆ, ಅಂದರೆ ಡೈಲೈನ್ ತರಿಸಿಕೊಂಡು, ಸೀಲ್ ಬೀಳುವ ಅಂಚು ಎಲ್ಲಿ, ಮಡಿಕೆ ಎಲ್ಲಿ, ವಾಲ್ವ್ ಎಲ್ಲಿ ಎಂದು ಗುರುತು ಹಾಕಿದ ಮೇಲೆಯೇ ಕೆಲಸ ಶುರುವಾಯಿತು. ತುಂಬಿದ ಪೌಚು ಉಬ್ಬಿ ನಿಲ್ಲುವುದರಿಂದ ಚಪ್ಪಟೆಯಲ್ಲಿ ಮಧ್ಯಕ್ಕೆ ಕಾಣುವ ಹೆಸರು ನಿಂತಾಗ ಮೇಲೆ ಹೋದಂತೆ ಕಾಣುತ್ತದೆ. ಕಾಗದದಲ್ಲಿ ಪ್ರಿಂಟ್ ತೆಗೆದು, ಪುಡಿ ತುಂಬಿದ ಪೌಚಿಗೇ ಅಂಟಿಸಿ ನೋಡಿ ಸರಿಮಾಡಿದೆವು.

ಅವನು ಮುಂಭಾಗಕ್ಕೆ ದೊಡ್ಡದಾಗಿ "ಶುದ್ಧ ಫಿಲ್ಟರ್ ಕಾಫಿ" ಎಂದು ಬರೆದಿದ್ದ. ರೋಸ್ಟರಿಯ ಮ್ಯಾನೇಜರ್ ಕರಡು ನೋಡಿದವರೇ ಮೊದಲು ಹೊಡೆದದ್ದು ಅದನ್ನು. ಚಿಕೋರಿ ಬೆರೆತ ಮೇಲೆ ಅದು ಶುದ್ಧ ಕಾಫಿಯಲ್ಲ, ಕಾಫಿ-ಚಿಕೋರಿ ಮಿಶ್ರಣ. ಆಹಾರ ಸುರಕ್ಷತಾ ನಿಯಮದ ಪ್ರಕಾರ ಅದರಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಕಾಫಿ ಶೇಕಡಾ ಎಷ್ಟು, ಚಿಕೋರಿ ಎಷ್ಟು ಎಂದು ಲೇಬಲ್ಲಿನಲ್ಲಿ ಬರೆಯಲೇಬೇಕು. ನಮ್ಮ ಹೆಸರು, ವಿಳಾಸ, ನಮ್ಮ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯ ಜೊತೆ ತಯಾರಿಸಿದ ಘಟಕದ ಸಂಖ್ಯೆಯೂ ಬರಬೇಕು. ಇದಕ್ಕಾಗಿ ನಮ್ಮ ಅಂಗಡಿಯ ಹಳೆಯ ನೋಂದಣಿ ಸಾಲದೆ, ಬೇರೆಯವರಿಂದ ತಯಾರಿಸಿ ತಮ್ಮ ಹೆಸರಲ್ಲಿ ಮಾರುವವರ ವಿಭಾಗವನ್ನು ಸೇರಿಸಿಕೊಳ್ಳಬೇಕಾಯಿತು. ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿದೆವು. ಕಾಫಿ ಬರುವುದು 30ನೇ ವರ್ಗದಲ್ಲಿ. ನಮ್ಮಂಥ ಸಣ್ಣವರಿಗೆ ಆನ್‌ಲೈನ್ ಅರ್ಜಿ ಶುಲ್ಕ 4,500 ರೂಪಾಯಿ. ಅರ್ಜಿಯ ಸಂಖ್ಯೆ ಕೊಡದೆ ರೋಸ್ಟರಿಯವರು ನಮ್ಮ ಹೆಸರು ಹಾಕಲು ಒಪ್ಪುತ್ತಿರಲಿಲ್ಲ. ನಾಳೆ ಯಾರೋ ಬಂದು ಹೆಸರು ನಮ್ಮದು ಎಂದರೆ ತಮಗೂ ಸುತ್ತಿಕೊಳ್ಳುತ್ತದೆ ಎಂಬ ಭಯ. ನ್ಯಾಯವಾದದ್ದೇ.

ಕನ್ನಡದ ವಿಷಯವೂ ಹೇಳಬೇಕು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿ ಲಿಪಿಯ ಹಿಂದಿಯಲ್ಲೋ ಇರಬೇಕು, ಅದರ ಜೊತೆ ಬೇರೆ ಭಾಷೆ ಇರಬಹುದು. ಮುಂಭಾಗ ಪೂರ್ತಿ ಕನ್ನಡ, ಡಿಕಾಕ್ಷನ್ ಹಾಕುವ ಕ್ರಮವೂ ಕನ್ನಡದಲ್ಲಿ, ಹಿಂಭಾಗದ ವಿವರ ಇಂಗ್ಲಿಷಿನಲ್ಲಿ ಎಂದು ನಿರ್ಧರಿಸಿದೆವು. ಫೈಲು ಮುದ್ರಕರ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತಕ್ಷರಗಳೆಲ್ಲ ಚದುರಿ ಹೋಗಿದ್ದವು, ಅವರಲ್ಲಿ ನಮ್ಮ ಫಾಂಟ್ ಇರಲಿಲ್ಲ. ಅಕ್ಷರಗಳನ್ನೆಲ್ಲ ಔಟ್‌ಲೈನಿಗೆ ಬದಲಾಯಿಸಿ ಕಳುಹಿಸಿದರೆ ಈ ತೊಂದರೆಯಿಲ್ಲ, ಆದರೆ ಅವರಿಗೆ ಕನ್ನಡ ಓದಲು ಬರದಿದ್ದರೆ ತಪ್ಪನ್ನು ಹಿಡಿಯುವವರು ನಾವೇ. ಬ್ಯಾಚ್ ಸಂಖ್ಯೆ, ಪ್ಯಾಕ್ ಮಾಡಿದ ತಿಂಗಳು, ಎಂಆರ್‌ಪಿ, ಗ್ರಾಮಿನ ಲೆಕ್ಕದ ದರ ಇವುಗಳಿಗೆ ಬಿಳಿ ಜಾಗ ಬಿಟ್ಟು, ತುಂಬುವಾಗ ಕೋಡಿಂಗ್ ಯಂತ್ರದಲ್ಲಿ ಹೊಡೆಯುವಂತೆ ಮಾಡಿಸಿದೆವು. ಬೀಜದ ದರ ಏರಿದಾಗ ಹಳೆಯ ಎಂಆರ್‌ಪಿಯ ಮೇಲೆ ಹೆಚ್ಚಿನ ಬೆಲೆಯ ಚೀಟಿ ಅಂಟಿಸಲು ಕಾನೂನು ಬಿಡುವುದಿಲ್ಲ. ದರ ಮುದ್ರಿಸಿಬಿಟ್ಟ ಲೇಬಲ್ ಆಗ ಕಸ.

ಮಾಲು ಸಿದ್ಧವಾಗಲು ಹಿಡಿಯುವ ದಿನ, ಅಂದರೆ ಲೀಡ್ ಟೈಮ್ ಬಗ್ಗೆ ಮ್ಯಾನೇಜರ್ ಮೊದಲ ದಿನವೇ "ಹತ್ತು ದಿನ ಮೇಡಂ" ಎಂದಿದ್ದರು. ಯಾವ ದಿನದಿಂದ ಎಣಿಸುತ್ತೀರಿ ಎಂದು ಕೇಳಿದಾಗ ಆ ಹತ್ತರ ನಿಜರೂಪ ಹೊರಬಿತ್ತು. ಅಡ್ವಾನ್ಸ್ ಬಂದ ದಿನದಿಂದ ಅಲ್ಲ, ವಿನ್ಯಾಸಕ್ಕೆ ನಾವು ಸಹಿ ಹಾಕಿದ ದಿನದಿಂದಲೂ ಅಲ್ಲ. ಪೌಚು, ಲೇಬಲ್ ಎರಡೂ ಅವರ ಬಾಗಿಲಿಗೆ ಬಂದು ಇಳಿದ ದಿನದಿಂದ. ಆ ಹತ್ತರಲ್ಲೂ ನಮ್ಮ ಕೆಲಸ ಹಿಡಿಯುವುದು ಎರಡು ಮೂರು ದಿನ ಅಷ್ಟೇ: ಹುರಿಯುವುದು, ಆರಲು ಬಿಡುವುದು, ಪುಡಿ ಮಾಡಿ ಅನಿಲ ಹೋಗಲು ಬಿಡುವುದು, ಬೆರೆಸಿ ತುಂಬುವುದು. ಉಳಿದದ್ದು ಸರದಿ ಕಾಯುವುದು. ದಸರಾ, ದೀಪಾವಳಿ ಹೊತ್ತಿಗೆ ಸರದಿ ಇನ್ನೂ ಉದ್ದ.

ಇತ್ತ ಪೌಚಿನ ದಿನಗಳು ಬೇರೆಯೇ ಲೆಕ್ಕ. ಖಾಲಿ ಪೌಚು ದಾಸ್ತಾನಿದ್ದರೆ ವಾರದಲ್ಲಿ ಬರುತ್ತದೆ. ನಾವು ಕೇಳಿದ ಬಣ್ಣದಲ್ಲಿ ಫಿಲ್ಟರ್ ವಾಲ್ವ್ ಇರುವುದು ದಾಸ್ತಾನಿರಲಿಲ್ಲವಾದ್ದರಿಂದ ಕಪ್ಪಿಗೆ ಒಪ್ಪಿಕೊಂಡೆವು. ಮುದ್ರಿತ ಫಿಲ್ಮಾಗಿದ್ದರೆ ಸಿಲಿಂಡರ್ ಕೆತ್ತನೆ, ಬಣ್ಣದ ಒಪ್ಪಿಗೆ, ಮುದ್ರಣ, ಪದರಗಳನ್ನು ಅಂಟಿಸುವ ಲ್ಯಾಮಿನೇಷನ್, ಆ ಅಂಟು ಗಟ್ಟಿಯಾಗಲು ಬಿಡುವ ಹೊತ್ತು ಎಲ್ಲ ಸೇರಿ ಐದು ವಾರ ಎಂದಿದ್ದರು. ಆ ಅಂಟು ಒಣಗುವ ಹೊತ್ತನ್ನು ಅವಸರದಲ್ಲಿ ನುಂಗಿದರೆ ಫಿಲ್ಮಿನಿಂದ ದ್ರಾವಕದ ವಾಸನೆ ಬರುತ್ತದೆ, ಕಾಫಿಪುಡಿ ಅದನ್ನು ಹೀರಿಕೊಳ್ಳುತ್ತದೆ. ಹೀಗಾಗಿ ಆರ್ಡರ್ ಪತ್ರದಲ್ಲಿ ಬರೀ "ಹತ್ತು ದಿನ" ಎಂದು ಬರೆಸದೆ, ಪ್ಯಾಕಿಂಗ್ ಸಾಮಗ್ರಿ ತಲುಪಿದ ದಿನಾಂಕ, ಅಲ್ಲಿಂದ ಮಾಲು ಹೊರಡುವ ದಿನಾಂಕ ಎರಡನ್ನೂ ಬರೆಸಿದೆ. ಪ್ಯಾಕ್ ಮಾಡಿ ಎಷ್ಟು ದಿನದೊಳಗೆ ಮಾಲು ಹೊರಡಬೇಕು ಎಂಬುದನ್ನೂ ಸೇರಿಸಿದೆವು. ಪುಡಿಯ ಬಾಳಿಕೆಯ ಅವಧಿ ಎಣಿಕೆಯಾಗುವುದು ಪ್ಯಾಕ್ ಮಾಡಿದ ದಿನದಿಂದ, ಅವರ ಗೋದಾಮಿನಲ್ಲಿ ಕಳೆದ ವಾರವೂ ನಮ್ಮದೇ ನಷ್ಟ.

ಮೊದಲ ಲಾಟ್ ಬಂದಾಗ ಪೆಟ್ಟಿಗೆಯಲ್ಲಿ ಕೆಲವು ಪ್ಯಾಕೆಟ್ ಬಿಗಿಯಾಗಿ ಉಬ್ಬಿದ್ದವು. ಒಂದನ್ನು ಹಿಡಿದು ಮೆಲ್ಲಗೆ ಒತ್ತಿದೆ. ವಾಲ್ವ್ ಸರಿಯಿದ್ದರೆ ಉಸ್ಸೆಂದು ಪರಿಮಳ ಹೊರಡಬೇಕು, ಹೊರಡಲಿಲ್ಲ. ಕತ್ತರಿಸಿ ನೋಡಿದರೆ ಫಿಲ್ಟರ್ ಹಾಳೆಯಿಲ್ಲದ ಪೌಚು, ಪೌಚು ಮಾರಿದವರು ಕಟ್ಟಿನಲ್ಲಿ ಬೆರೆಸಿ ಕಳುಹಿಸಿದ್ದರು. ಉಬ್ಬಿದ್ದನ್ನು ಕಂಡು ಗಿರಾಕಿ ಹೆದರಬಹುದು, ಆದರೆ ಉಬ್ಬಿದೆಯೆಂದರೆ ಸೀಲು ಗಟ್ಟಿಯಿದೆ ಎಂದೂ ಅರ್ಥ. ನನಗೆ ಚಿಂತೆಯಾಗಿದ್ದು ಸೊರಗಿದಂತಿದ್ದ, ಸೀಲಿನ ಅಂಚಿನಲ್ಲಿ ಕಂದು ಗೆರೆ ಕಾಣುತ್ತಿದ್ದ ಪ್ಯಾಕೆಟ್ಟುಗಳ ಬಗ್ಗೆ. ತುಂಬುವಾಗ ಹಾರಿದ ನಯ ಪುಡಿ ಸೀಲ್ ಬೀಳುವ ಜಾಗಕ್ಕೆ ಅಂಟಿಕೊಂಡರೆ ಅಲ್ಲಿ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿಗೆ ಕೂಡುವುದಿಲ್ಲ. ಬಕೆಟ್ ನೀರಿನಲ್ಲಿ ಮುಳುಗಿಸಿ, ವಾಲ್ವ್ ಮೇಲೆ ಬೆರಳಿಟ್ಟು ಒತ್ತಿದರೆ ಸೀಲಿನ ಅಂಚಿನಿಂದ ಸಣ್ಣ ಗುಳ್ಳೆ ಏಳುತ್ತದೆ. ಅದರ ವೀಡಿಯೋ ಕಳುಹಿಸಿದೆ. ಮ್ಯಾನೇಜರ್ ವಾದ ಮಾಡಲಿಲ್ಲ, ಸೋರುವವನ್ನು ಬದಲಿಸಿ ಕೊಟ್ಟು, ಸೀಲ್ ಹಾಕುವ ಮೊದಲು ಪೌಚಿನ ಬಾಯಿ ಒರೆಸಲು ಒಬ್ಬ ಹೆಂಗಸನ್ನು ನಿಲ್ಲಿಸುತ್ತೇವೆ ಎಂದರು. ಉಬ್ಬಿದವುಗಳ ಲೆಕ್ಕ ಪೌಚಿನವರ ಜೊತೆ ಬೇರೆಯಾಗಿ ನಡೆಯಿತು. ಪ್ಯಾಕಿಂಗ್ ಸಾಮಗ್ರಿ ನಾವೇ ಕೊಂಡು ಕೊಟ್ಟಾಗ ಅದರ ದೋಷಕ್ಕೆ ರೋಸ್ಟರಿ ಹೊಣೆಯಲ್ಲ, ಮೂರನೆಯ ಪ್ರಶ್ನೆಯ ಇನ್ನೊಂದು ಮುಖ ಇದು.

ಈಗ ಇದೇ ಪುಡಿಯನ್ನು ಇನ್ನಿಬ್ಬರು ಅಂಗಡಿಯವರೂ ನಮ್ಮಿಂದ ಒಯ್ಯುತ್ತಾರೆ, ಒಂದು ಹುರಿತ ತಿಂಗಳಿಗೆ ಸಾಲುತ್ತಿಲ್ಲ. 100 ಕಿಲೋ ಫಿಲ್ಮಿಗೂ ಒಪ್ಪುವ ಒಬ್ಬ ಮುದ್ರಕರು ಸಿಕ್ಕಿದ್ದಾರೆ. ಅಂದರೆ ಹನ್ನೆರಡು ಸಾವಿರ ಚಿಲ್ಲರೆ ಪ್ಯಾಕೆಟ್. ಒಂದೂವರೆ ವರ್ಷದೊಳಗೆ ಮುಗಿಯುವಂತಾದರೆ ಮಾಡಿಸುವುದು ಎಂದುಕೊಂಡಿದ್ದೇವೆ. ಸುರುಳಿಗೆ ಬದಲಾದರೆ ತುಂಬುವುದು ಯಂತ್ರದಲ್ಲಿ, ಆಗ ವಾಲ್ವ್ ಇರದು, ಪುಡಿಯನ್ನು ಇನ್ನಷ್ಟು ಹೊತ್ತು ಆರಲು ಬಿಟ್ಟೇ ತುಂಬಬೇಕೆಂದು ರೋಸ್ಟರಿಯವರು ಈಗಲೇ ಹೇಳಿದ್ದಾರೆ. ಎರಡು ಬ್ಲೆಂಡಿಗೂ ಒಂದೇ ಮುದ್ರಣ, ಶೇಕಡಾವಾರು ಬರೆಯುವ ಜಾಗ ಖಾಲಿ, ಅಲ್ಲಿ ತುಂಬುವಾಗಲೇ ಕೋಡಿಂಗ್. ಸಿಲಿಂಡರಿಗೆ ದುಡ್ಡು ಕೊಡುವವರು ನಾವು, ಆದರೆ ಅದು ಉಳಿಯುವುದು ಮುದ್ರಕರ ಗೋದಾಮಿನಲ್ಲಿ. ಕೇಳಿದಾಗ ಬಿಟ್ಟುಕೊಡುತ್ತೇವೆ, ಬೇರೆಯವರ ಕೆಲಸಕ್ಕೆ ಬಳಸುವುದಿಲ್ಲ ಎಂದು ಪತ್ರ ಕೊಡಿ ಎಂದಿದ್ದೇನೆ. "ಅದೆಲ್ಲ ಯಾಕೆ ಅಕ್ಕ, ನಂಬಿಕೆ ಇಲ್ವಾ?" ಎಂದರು. ಪತ್ರ ಬಂದ ಮೇಲೆ ಅಡ್ವಾನ್ಸ್ ಹಾಕುತ್ತೇನೆ ಎಂದು ಹೇಳಿಟ್ಟಿದ್ದೇನೆ.